ಬೊಬ್ಬೆ, ಮಂಜು, ಬುತ್ತಿ... ಮತ್ತು ಮೂರೇ ಮೂರು ಸಾಲು

ಚಾರಣಕ್ಕೆ ಹೋಗಿ ಬಂದವರ ಡೈರಿಯಲ್ಲಿ ಒಂದಾದರೂ ಪದ್ಯ ಇದ್ದೇ ಇರುತ್ತದೆ. ಯಾರೋ ಒಬ್ಬರು ಬಸ್ಸಿನಲ್ಲಿ ವಾಪಸ್ ಬರುವಾಗ ಗೀಚಿರುತ್ತಾರೆ. ಅದರಲ್ಲಿ ಕಾಲಿನ ಬೊಬ್ಬೆ ಇರುತ್ತದೆ, ಮಂಜು ಇರುತ್ತದೆ, ಖಾಲಿಯಾದ ಟಿಫಿನ್ ಡಬ್ಬಿ ಇರುತ್ತದೆ. ಓದಿದಾಗ ಎಲ್ಲರೂ ಒಮ್ಮೆ ನಗುತ್ತಾರೆ. ಆಮೇಲೆ ಆ ಪುಟವನ್ನು ಯಾರೂ ತಿರುಗಿ ನೋಡುವುದಿಲ್ಲ.

ಯಾಕೆ ನೋಡುವುದಿಲ್ಲ ಅನ್ನುವುದಕ್ಕೆ ನನ್ನದೊಂದು ವಾದ ಇದೆ. ಪದ್ಯ ಬರೆದವರಿಗೆ ಪ್ರತಿಭೆ ಇಲ್ಲ ಅಂತಲ್ಲ. ಅವರು ಆರಿಸಿಕೊಂಡ ಅಚ್ಚು ತಪ್ಪು, ಅಷ್ಟೇ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಾದ ನಮಗೆ ಇದಕ್ಕೆ ಸರಿಯಾದ ಅಚ್ಚು ನಮ್ಮ ಜಿಲ್ಲೆಯಲ್ಲೇ ಬಿದ್ದಿದೆ. ಅದು ತ್ರಿಪದಿ. ಸರ್ವಜ್ಞನದು ಅಬಲೂರು, ಮಾಸೂರು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಡೈರಿ ಬರೆಯಲು ಕೂತಾಗ ಮಾತ್ರ ಸಿನಿಮಾ ಹಾಡಿನ ಧಾಟಿ ಹಿಡಿಯುತ್ತೇವೆ.

ಮೊದಲು ರೋಗ ನೋಡೋಣ, ಮದ್ದು ಆಮೇಲೆ. ಈ ಮಾದರಿಯ ಪದ್ಯ ನಿಮಗೂ ಗೊತ್ತಿರಬೇಕು (ಇದನ್ನು ಉದಾಹರಣೆಗೆಂದು ನಾನೇ ಹೆಣೆದದ್ದು, ಯಾರ ಡೈರಿಯಿಂದಲೂ ಕದ್ದಿಲ್ಲ :-) ):

ಬೆಳಗಿನ ಜಾವ ಹೊರಟೆವು ನಾವು
ಕಾಲಲಿ ಬೊಬ್ಬೆ, ಭಾರಿ ನೋವು
ಎದುರಿಗೆ ಮಂಜು ಮುಸುಕಿತ್ತು
ಟಿಫಿನ್ ಡಬ್ಬಿ ಖಾಲಿಯಾಗಿತ್ತು

ಇದರಲ್ಲಿ ಪ್ರಾಸ ಇದೆ. ಆದರೆ ಈ ಪ್ರಾಸ ನಮಗೆ ಪುಕ್ಕಟೆ ಸಿಕ್ಕಿದ್ದು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಮುಸುಕಿತ್ತು, ಆಗಿತ್ತು, ಬಂದಿತ್ತು, ಹೋಗಿತ್ತು... ಎಲ್ಲವೂ ‘ಇತ್ತು’ಗಳೇ. ಹೊರಟೆವು, ನಡೆದೆವು, ಕುಳಿತೆವು, ತಿಂದೆವು... ಎಲ್ಲವೂ ‘ಎವು’ಗಳೇ. ಏನು ಬರೆದರೂ ಸಾಲಿನ ತುದಿ ತಾನಾಗಿ ಪ್ರಾಸ ಕೂಡುತ್ತದೆ. ಹುಡುಕುವ ಕಷ್ಟವೇ ಇಲ್ಲದ್ದರಿಂದ ಹೊಸ ಮಾತೂ ಹುಟ್ಟುವುದಿಲ್ಲ. ಮೊದಲು ಹೊಳೆದದ್ದೇ ಕಾಗದಕ್ಕೆ ಇಳಿಯುತ್ತದೆ.

“ಹಂಗಾರ ದಿನಕರ ದೇಸಾಯಿಯವರು ಬರದದ್ದು?” ಅಂತ ನಮ್ಮ ಗುಂಪಿನ ಮಾಸ್ತರು ಒಮ್ಮೆ ಗದರಿದ್ದರು. ಅವರ ಪ್ರಶ್ನೆ ನ್ಯಾಯವಾದದ್ದೇ. ದೇಸಾಯಿಯವರ ಚೌಪದಿಗಳು ಅಂತ್ಯಪ್ರಾಸದವೇ, ಎರಡೆರಡು ಸಾಲಿಗೆ ಜೋಡಿ ಪ್ರಾಸ. ಆದರೆ ಅಲ್ಲಿ ನಾಲ್ಕನೆಯ ಸಾಲಿನಲ್ಲಿ ಕುಟುಕುವ ಒಂದು ವಿಚಾರ ಮೊದಲೇ ಸಿದ್ಧವಾಗಿರುತ್ತದೆ, ಪ್ರಾಸ ಅದರ ಆಳು. ನಮ್ಮ ಡೈರಿಯಲ್ಲಿ ವಿಚಾರ ಸಿದ್ಧ ಇರುವುದಿಲ್ಲ. ಸುಸ್ತಾದ ಮೈ ಇರುತ್ತದೆ, ಒಂದಿಷ್ಟು ನೆನಪು ಇರುತ್ತವೆ. ಅಂಥ ಹೊತ್ತಿನಲ್ಲಿ ನಮಗಾಗಿ ವಿಚಾರವನ್ನು ಹುಡುಕಿ ಕೊಡುವ ಅಚ್ಚು ಬೇಕು. ತ್ರಿಪದಿ ಆ ಕೆಲಸ ಮಾಡುತ್ತದೆ ಅನ್ನುವುದೇ ನನ್ನ ವಾದ.

ತ್ರಿಪದಿ ಬಹಳ ಹಳೆಯದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಷ್ಟು ಹಿಂದೆಯೇ, ಅದು ಬಂಡೆಯ ಮೇಲೆ ಕೂತಿದೆ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿದ್ದೂ ಇದನ್ನೇ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂದು ಕೂಡಿಸಿಟ್ಟದ್ದು ಅಂಥವನ್ನೇ. ಅಂದರೆ ಇದು ಮೈ ದುಡಿಯುವಾಗ ಬಾಯಿಗೆ ಬರುವ ಪದ್ಯ. ಗುಡ್ಡ ಹತ್ತುವುದೂ ಒಂಥರಾ ಬೀಸುವ ಕೆಲಸವೇ ತಾನೇ?

ಲೆಕ್ಕ ಕಷ್ಟದ್ದಲ್ಲ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಸೊನ್ನೆ ಇದ್ದರೆ ಎರಡು. ಮುಂದೆ ಒತ್ತಕ್ಷರ ಬಂದರೆ ಅದರ ಹಿಂದಿನ ಅಕ್ಷರಕ್ಕೆ ಎರಡು. ‘ಕಲ್ಲು’ ಅಂದರೆ ಕ ಎರಡು, ಲ್ಲು ಒಂದು, ಒಟ್ಟು ಮೂರು. ಹೀಗೆ ಎಣಿಸಿದ ಮಾತ್ರೆಗಳನ್ನು ತ್ರಿಪದಿಯಲ್ಲಿ ಹನ್ನೊಂದು ಗಣಗಳಾಗಿ ಹಂಚುತ್ತಾರೆ:

5 + 5 + 5 + 5
5 + 3 + 5 + 5
5 + 3 + 5

ಆರನೆಯದು ಮತ್ತು ಹತ್ತನೆಯದು ಮಾತ್ರ ಮೂರರ ಗಣ, ಉಳಿದವೆಲ್ಲ ಐದರವು. ಇದಿಷ್ಟರ ಮೇಲೆ ಇನ್ನೊಂದು ನಿಯಮ: ಮೂರೂ ಸಾಲುಗಳ ಎರಡನೆಯ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ಇದೇ ಆದಿಪ್ರಾಸ. ಜನಪದರು ಇದನ್ನು ಅಕ್ಷರಶಃ ಪಾಲಿಸಿದರು ಅಂತಲ್ಲ. ಹಾಡುವಾಗ ಒಂದು ಅಕ್ಷರ ಎಳೆದೋ ನುಂಗಿಯೋ ಸರಿದೂಗಿಸುತ್ತಾರೆ. ಅವರಿಗೆ ಕಿವಿ ಪಳಗಿತ್ತು, ನಮಗೆ ಪಳಗುವ ತನಕ ಬೆರಳು ಮಡಿಸಿ ಎಣಿಸುವುದೇ ಕ್ಷೇಮ.

ಆದಿಪ್ರಾಸ ಯಾಕೆ ಮುಖ್ಯ ಅಂತ ಈಗ ಹೇಳುತ್ತೇನೆ. ಅದು ಸಾಲಿನ ತಲೆಗೆ ಕೂರುತ್ತದೆ, ಬಾಲಕ್ಕಲ್ಲ. ತಲೆಯಲ್ಲಿ ಕ್ರಿಯಾಪದ ಬರುವುದು ಕಡಿಮೆ, ವಸ್ತುವಿನ ಹೆಸರು ಬರುತ್ತದೆ, ಗುಣ ಬರುತ್ತದೆ. ಹಾಗಾಗಿ ಪುಕ್ಕಟೆ ಪ್ರಾಸ ಸಿಗುವುದಿಲ್ಲ. ‘ತ್ತ’ ಬೇಕು ಅಂದರೆ ಬುತ್ತಿ, ಕುತ್ತಿಗೆ, ಹೊತ್ತು, ಸುತ್ತು, ಮೆತ್ತಗೆ ಅಂತ ನಿಜವಾದ ಪದಗಳ ನಡುವೆ ಅಲೆಯಬೇಕು. ಆ ಅಲೆದಾಟದಲ್ಲೇ ನೀವು ಯೋಚಿಸದೇ ಇದ್ದದ್ದು ಕೈಗೆ ಸಿಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ನಮ್ಮ ಗುಂಪು 2024ರ ಅಕ್ಟೋಬರ್ ಕೊನೆಗೆ ಕೊಡಚಾದ್ರಿಗೆ ಹೋಗಿತ್ತು. ಶಿವಮೊಗ್ಗ ದಾಟಿ ಹೊಸನಗರ ತಾಲೂಕಿನ ನಿಟ್ಟೂರಿನ ಕಡೆಯಿಂದ, ಹಿಡ್ಲುಮನೆ ಜಲಪಾತದ ದಾರಿ. ನಮ್ಮದು ಬಯಲುಸೀಮೆಯ ಕಾಲು, ಅಲ್ಲಿಯದು ಒದ್ದೆ ಕಲ್ಲು. ಹೊಸ ಬೂಟು ಹಾಕಿಕೊಂಡು ಬಂದಿದ್ದವರಿಗೆಲ್ಲ ಬೊಬ್ಬೆ ಎದ್ದವು.

ಬೊಬ್ಬೆಯ ಬಗ್ಗೆ ಪದ್ಯ ಬರೆಯುವ ಮೊದಲು ಬೊಬ್ಬೆಯನ್ನೇ ಸ್ವಲ್ಪ ನೋಡಬೇಕು. ಹತ್ತುವಾಗ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಬೂಟಿನೊಳಗೆ ಮೇಲೆದ್ದು ಇಳಿಯುತ್ತದೆ, ಅಲ್ಲಿ ಉಜ್ಜುತ್ತದೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳುಗಳು ಬೂಟಿನ ಮೂತಿಗೆ ಗುದ್ದುತ್ತವೆ, ಆಗ ಬೊಬ್ಬೆ ಅಲ್ಲಿ. ಕಾಲುಚೀಲ ಬೆವರಿಗೋ ನೀರಿಗೋ ಒದ್ದೆಯಾಗಿದ್ದರೆ ಚರ್ಮ ಮೆತ್ತಗಾಗಿ ಎರಡೂ ಕಡೆ ಬೇಗ ಏಳುತ್ತದೆ. ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಚುರು ಅನ್ನುತ್ತದೆ. ಆಗಲೇ ನಿಂತು ಪಟ್ಟಿ ಅಂಟಿಸಿದರೆ ಬಚಾವ್. “ಇನ್ನೊಂಚೂರು ಹೋಗೂಣ” ಅಂದರೆ ಮುಗೀತು.

ಹತ್ತಿದರೆ ಹಿಂದೆ, ಇಳಿದರೆ ಮುಂದೆ. ಇದೇ ಒಂದು ತಮಾಷೆ ಅಲ್ಲವೇ? ಹೀಗೆ ಶುರು ಮಾಡಿದೆ:

ಹತ್ತುವಾಗ ಹಿಮ್ಮಡಿಗೆ, ಇಳಿಯುವಾಗ ಬೆರಳಿಗೆ

ಎಣಿಸಿದರೆ 6, 5, 6, 4. ಓದಿದರೂ ಗೊತ್ತಾಗುತ್ತದೆ, ಶುರುವಿನಲ್ಲಿ ಭಾರ, ಕೊನೆಯಲ್ಲಿ ಕುಸಿತ. ‘ಹತ್ತುವಾಗ’ದ ‘ವಾ’ ದೀರ್ಘ ಒಂದು ಮಾತ್ರೆ ಜಾಸ್ತಿ ತಂದಿದೆ. ಅದನ್ನು ‘ಹತ್ತಿದರೆ’ ಮಾಡಿದರೆ 5. ‘ಇಳಿಯುವಾಗ’ ಹೋಗಿ ‘ಇಳಿದರೋ’ ಬಂದರೆ 5. ‘ಬೆರಳಿಗೆ’ ನಾಲ್ಕು, ‘ಬೆರಳಿಗದು’ ಐದು. ಮೊದಲ ಸಾಲು ಕೂತಿತು. ಅಷ್ಟೇ ಅಲ್ಲ, ‘ಅದು’ ಯಾವುದು ಅಂತ ಹೇಳದೇ ಬಿಟ್ಟದ್ದರಿಂದ ಒಗಟಿನ ರುಚಿಯೂ ಬಂತು.

ಎರಡನೆಯ ಸಾಲಿಗೆ ‘ತ್ತ’ ಬೇಕು. ನನ್ನ ಮನಸ್ಸಿನಲ್ಲಿ ಇದ್ದದ್ದು “ಹೇಗೆ ಹೋದರೂ ನೋವು ತಪ್ಪಿದ್ದಲ್ಲ” ಅನ್ನುವ ಸಪ್ಪೆ ಮಾತು. ‘ಹೇಗೆ’ ನಡೆಯುವುದಿಲ್ಲ, ‘ಎತ್ತ’ ನಡೆಯುತ್ತದೆ. ‘ಎತ್ತ ಹೋದರೂ’ ಅಂದ ಕೂಡಲೇ ದಾರಿಯ ಎರಡೂ ತುದಿಗೆ ಕೂತ ಸುಂಕದ ಕಟ್ಟೆ ಕಣ್ಣಿಗೆ ಬಂತು. ನೋವು ಸುಂಕವಾಯಿತು. ಪ್ರಾಸ ಹುಡುಕದೇ ಇದ್ದಿದ್ದರೆ ಸುಂಕ ಹೊಳೆಯುತ್ತಿರಲಿಲ್ಲ. ಮೂರನೆಯದಕ್ಕೆ ‘ಮೆತ್ತನೆಯ’ ತಾನಾಗಿಯೇ ಬಂತು. ಒದ್ದೆ ಚರ್ಮವೂ ಮೆತ್ತಗೆ, ಬಯಲುಸೀಮೆಯವರ ಕಾಲೂ ಮೆತ್ತಗೆ:

ಹತ್ತಿದರೆ ಹಿಮ್ಮಡಿಗೆ, ಇಳಿದರೋ ಬೆರಳಿಗದು;
ಎತ್ತ ಹೋದರೂ ಸುಂಕವನು ತೆರಬೇಕು
ಮೆತ್ತನೆಯ ಕಾಲ ಚಾರಣಿಗ.

ಇದು ಮಹಾಕಾವ್ಯ ಏನಲ್ಲ. ಆದರೆ ಮುಂದಿನ ಸಲ ಬೂಟು ಕಟ್ಟುವಾಗ ನೆನಪಿಗೆ ಬರುತ್ತದೆ, ಹಿಮ್ಮಡಿಗೂ ಬೆರಳಿಗೂ ಎರಡಕ್ಕೂ ಪಟ್ಟಿ ಇಟ್ಟುಕೋ ಅಂತ. “ಕಾಲಲಿ ಬೊಬ್ಬೆ, ಭಾರಿ ನೋವು” ಅಂಥದ್ದೇನನ್ನೂ ನೆನಪಿಸುವುದಿಲ್ಲ.

ಈಗ ಆ ಕೊನೆಯ ‘ಚಾರಣಿಗ’ಕ್ಕೆ ಬರೋಣ. ಸರ್ವಜ್ಞನ ಅಂಕಿತವನ್ನು ಎಣಿಸಿ ನೋಡಿದ್ದೀರಾ? ಸ ಎರಡು, ರ್ವ ಎರಡು, ಜ್ಞ ಒಂದು. ಸರಿಯಾಗಿ ಐದು. ಹನ್ನೊಂದನೆಯ ಗಣ ಪೂರ್ತಿ ಅವನ ಹೆಸರೇ. ಡೈರಿಯ ಪದ್ಯಕ್ಕೂ ಆ ಜಾಗದಲ್ಲಿ ಐದು ಮಾತ್ರೆಯ ಒಂದು ಅಂಕಿತ ಬೇಕಿತ್ತು. ‘ಚಾರಣಿಗ’ ಅಂದರೆ ಚಾ ಎರಡು, ಉಳಿದ ಮೂರಕ್ಕೆ ಮೂರು, ಒಟ್ಟು ಐದು. ಮಾಸ್ತರು ಅದನ್ನು ಸೂಚಿಸಿದರು, ಎಲ್ಲರೂ ಒಪ್ಪಿದೆವು. ಕೊಡಚಾದ್ರಿಯ ತುದಿಯಲ್ಲಿ ಇರುವುದೂ ಸರ್ವಜ್ಞ ಪೀಠವೇ. ಅದು ಶಂಕರಾಚಾರ್ಯರ ಹೆಸರಿನದು, ನಮ್ಮ ಮಾಸೂರಿನವನದಲ್ಲ. ಆದರೂ ಅದರ ಮುಂದೆ ಕೂತು ತ್ರಿಪದಿ ಎಣಿಸುವಾಗ ನಮಗೆ ಒಂಥರಾ ಮಜಾ ಬಂತು ಅನ್ನುವುದು ಸುಳ್ಳಲ್ಲ.

ಅಂಕಿತದ ಉಪಯೋಗ ಬರೀ ಲೆಕ್ಕ ತುಂಬಿಸುವುದಲ್ಲ. ನನ್ನ ವಾದದ ಮುಖ್ಯ ಭಾಗ ಇಲ್ಲಿದೆ. ಚಾರಣದ ಪದ್ಯ ಅಂದರೆ ಸಾಮಾನ್ಯವಾಗಿ ಯಾರನ್ನಾದರೂ ಕಿಚಾಯಿಸುವುದು. ಯಾರು ಹಿಂದೆ ಬಿದ್ದರು, ಯಾರು ಕುಂಟಿದರು, ಯಾರು ಜಾಸ್ತಿ ತಿಂದರು. ನಮ್ಮ ಹಿಂದಿನ ಒಂದು ಪ್ರವಾಸದ ಡೈರಿಯಲ್ಲಿ ಒಬ್ಬ ಹುಡುಗ, ಮೊದಲ ಸಲ ಬಂದಿದ್ದವರೊಬ್ಬರ ಹೆಸರು ಹಾಕಿ, ಅವರು ಬೊಬ್ಬೆ ಎದ್ದು ಕೂತುಬಿಟ್ಟದ್ದನ್ನು ಪದ್ಯ ಮಾಡಿದ್ದ. ಬೊಬ್ಬೆ ಅಂದರೆ ಕಾಲಿನ ಗುಳ್ಳೆಯೂ ಹೌದು, ಕೂಗಾಟವೂ ಹೌದು. ಆ ಶ್ಲೇಷೆಯನ್ನು ಹಿಡಿದು “ಬೊಬ್ಬೆಗೆ ಬೊಬ್ಬೆ” ಅಂತ ಹೊಡೆದಿದ್ದ. ಬಸ್ಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವರೂ ನಕ್ಕರು. ಮುಂದಿನ ಪ್ರವಾಸಕ್ಕೆ ಮಾತ್ರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಬಸ್ಸಿನ ನಗು ಹತ್ತು ನಿಮಿಷದ್ದು, ಡೈರಿ ವರ್ಷಗಟ್ಟಲೆ ಇರುತ್ತದೆ. ಹೊಸಬರು ಬಂದಾಗಲೆಲ್ಲ ಅದೇ ಪುಟ ತೆಗೆದು ಓದುತ್ತಾರೆ. ಒಂದು ದಿನದ ಕುಂಟುವಿಕೆ ಒಬ್ಬ ಮನುಷ್ಯನ ಗುರುತಾಗಿ ಹೋಗುತ್ತದೆ. ‘ಚಾರಣಿಗ’ ಅನ್ನುವ ಅಂಕಿತ ಈ ಕೇಡನ್ನು ತಪ್ಪಿಸುತ್ತದೆ. “ಮೆತ್ತನೆಯ ಕಾಲ ಚಾರಣಿಗ” ಅಂದಾಗ ಬರೆದವನೂ ಅದರೊಳಗೇ ಇದ್ದಾನೆ. ಓದುವವರೆಲ್ಲ ತಮ್ಮ ತಮ್ಮ ಹಿಮ್ಮಡಿ ನೋಡಿಕೊಳ್ಳುತ್ತಾರೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದಲ್ಲಿರುವ ಕಾಕಾ ಒಬ್ಬರು ನಮ್ಮ ಗುಂಪಿನ ಹಿರಿಯರು. ಅವರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು: “ನೋಡ್ರಪಾ, ನಮ್ಮ ಕಾಯಿ ಹಂಗ ಇರಬೇಕು. ಬಣ್ಣ ಭಾಳ, ಖಾರ ಕಡಿಮಿ.” ಬ್ಯಾಡಗಿ ಮೆಣಸಿನಕಾಯಿಯ ಹೆಸರು ಇರುವುದೇ ಅದಕ್ಕೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೂ ಅಂಥ ಕಾಯಿಗೆ. ಸಾರಿಗೆ ಕೆಂಪು ಕೊಡುತ್ತದೆ, ನಾಲಿಗೆ ಸುಡುವುದಿಲ್ಲ. ಕಿಚಾಯಿಸುವ ಪದ್ಯವೂ ಮುಖವನ್ನು ಕೆಂಪು ಮಾಡಿದರೆ ಸಾಕು, ಉರಿಸಬೇಕಾಗಿಲ್ಲ.

“ಯಾರನ್ನೂ ಹೆಸರಿಸದೇ ಹೋದರೆ ಮಜಾ ಎಲ್ಲಿ?” ಅಂತ ಕೇಳುವವರಿದ್ದಾರೆ. ಊರನ್ನು ಹೆಸರಿಸಿ, ಸ್ವಾಮಿ! ನಮ್ಮ ಊರುಗಳು ತ್ರಿಪದಿಗೆ ಅಂತಲೇ ಹುಟ್ಟಿದ ಹಾಗಿವೆ. ‘ಹಾವೇರಿ’ ಸರಿಯಾಗಿ ಐದು ಮಾತ್ರೆ. ‘ಬ್ಯಾಡಗಿ’ ನಾಲ್ಕು, ‘ಬ್ಯಾಡಗಿಯ’ ಅಂದರೆ ಐದು. ‘ಕೊಡಚಾದ್ರಿ’ ಐದು. ಎಲ್ಲಕ್ಕಿಂತ ಸೊಗಸು ‘ರಾಣೆಬೆನ್ನೂರು’. ಅದು ಎಂಟು ಮಾತ್ರೆ, ‘ರಾಣೆಬೆನ್’ ಐದು, ‘ನೂರು’ ಮೂರು. ಐದು ಮತ್ತು ಮೂರು, ಅಂದರೆ ಮೂರನೆಯ ಸಾಲಿನ ಮೊದಲ ಎರಡು ಗಣಗಳು. ಅಂಕಿತವೊಂದನ್ನು ಸೇರಿಸಿದರೆ ಸಾಲೇ ಮುಗಿಯಿತು. ಮಧ್ಯಾಹ್ನ ಒಂದು ಡಬ್ಬಿ ಕಾಣದಾದಾಗ ಹುಟ್ಟಿದ್ದು ಇದು:

ಕಾಣೆಯಾಯಿತು ಡಬ್ಬಿ, ಮೊಸರನ್ನ ತುಂಬಿತ್ತು;
ಆಣೆ ಮಾಡಿದನು, ತಿಂದಿಲ್ಲ ನಾನೆಂದು
ರಾಣೆಬೆನ್ನೂರ ಚಾರಣಿಗ.

ರಾಣೆಬೆನ್ನೂರಿನವರು ನಮ್ಮಲ್ಲಿ ಐದು ಜನ. ಆ ಐದರಲ್ಲಿ ಯಾರು ಅಂತ ಪದ್ಯ ಹೇಳುವುದಿಲ್ಲ. ಐವರೂ ಆಣೆ ಮಾಡಿದರು. ಬ್ಯಾಡಗಿಯ ಕಾಕಾ ಮಾತ್ರ “ಕಾಣೆಯಾದದ್ದು ನಮ್ಮ ಡಬ್ಬಿ ಅಲ್ಲ ಹೌದಲ್ರಿ?” ಅಂತ ಕೇಳಿದರು. ಬ್ಯಾಡಗಿ ಕಾಯಿಯಲ್ಲಿ ಕಡ್ಡಿ ಅಂತ ಒಂದು, ಡಬ್ಬಿ ಅಂತ ಒಂದು ಜಾತಿ ಇದೆ. ಕಡ್ಡಿ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ಗುಂಡಗೆ. ಇಂಥ ಶ್ಲೇಷೆ ಯಾರ ಕಾಲಿಗೂ ತಾಗುವುದಿಲ್ಲ.

ಇನ್ನು ಮಂಜು. ಪದ್ಯ ಬರೆಯುವವರಿಗೆ ಇದೇ ದೊಡ್ಡ ಜಾರುಬಂಡೆ. ಬೆಳ್ಳಿ ಪರದೆ, ಹಾಲಿನ ಕಡಲು, ಸ್ವರ್ಗ ಧರೆಗಿಳಿದು ಬಂತು... ಇವೆಲ್ಲ ಯಾವ ಗುಡ್ಡಕ್ಕಾದರೂ ಹೊಂದುತ್ತವೆ, ಗುಡ್ಡ ಹತ್ತದವರೂ ಬರೆಯಬಹುದು. ಅಲ್ಲಿ ನಿಜಕ್ಕೂ ಆದದ್ದೇನು? ಕಡಲ ಕಡೆಯಿಂದ ಬಂದ ತೇವದ ಗಾಳಿ ಗುಡ್ಡಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಮೋಡವಾಗುತ್ತದೆ. ಕೊಡಚಾದ್ರಿಯ ತುದಿ 1343 ಮೀಟರ್ ಎತ್ತರ. ಸಂಜೆಗೆ ಆ ಮೋಡವೇ ನಮ್ಮ ಮೇಲೆ ಕೂತಿತು. ಕೆಳಗೆ ನಿಂತವರು ತಲೆ ಎತ್ತಿ ಮೋಡ ಅನ್ನುತ್ತಿದ್ದರು, ಒಳಗಿದ್ದ ನಾವು ಮಂಜು ಅಂದೆವು. ಸರ್ವಜ್ಞ ಪೀಠದಿಂದ ವಾಪಸ್ ಬರುವ ಸಣ್ಣ ದಾರಿಯಲ್ಲಿ ನನಗೆ ಕಂಡದ್ದು ಮುಂದಿದ್ದವನ ಬೆನ್ನಿನ ಚೀಲ ಒಂದೇ. ಅದನ್ನೇ ಬರೆದೆ:

ಮೋಡವೆಂದರು ಕೆಳಗೆ, ಮಂಜೆಂದೆವದ ಮೇಲೆ;
ನೋಡಲೇನಿಲ್ಲ, ಮುಂದಿನವನ ಚೀಲವೆ
ನಾಡೆಲ್ಲ ನಮಗೆ, ಚಾರಣಿಗ.

ಮಂಜಿನಲ್ಲಿ ಪಾಲಿಸಬೇಕಾದ ನಿಯಮವೂ ಇಷ್ಟೇ ತಾನೇ? ಮುಂದಿನವನ ಚೀಲ ಕಣ್ಣಿನಿಂದ ತಪ್ಪಬಾರದು, ತಪ್ಪಿತು ಅಂದರೆ ನಿಂತು ಕೂಗಬೇಕು. ನೋಡಿದ್ದನ್ನು ನೋಡಿದ ಹಾಗೆ ಬರೆದರೆ ಪಾಠವೂ ಅದರ ಜೊತೆಗೇ ಬರುತ್ತದೆ, ಪ್ರತ್ಯೇಕ ಉಪದೇಶ ಬೇಕಾಗುವುದಿಲ್ಲ. ಮತ್ತೆ, ‘ಮಂಜು’ ಅನ್ನುವ ಹೆಸರಿನವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. “ಮಂಜಲ್ಲಿ ಮಂಜು ಮಾಯ” ಅನ್ನುವ ಜೋಕು ದಯವಿಟ್ಟು ಬೇಡ. ಅವರು ಅದನ್ನು ಹುಟ್ಟಿದಾಗಿನಿಂದ ಕೇಳಿದ್ದಾರೆ :-)

ಹಾಡುವಾಗ ಇನ್ನೊಂದು ಅನುಕೂಲ ಇದೆ. ತ್ರಿಪದಿಯನ್ನು ಹಾಡುವವರು ಎರಡನೆಯ ಸಾಲಿನ ಬಾಲವನ್ನು ಮರಳಿ ಹಿಡಿದು ಮೂರನೆಯದಕ್ಕೆ ದಾಟುತ್ತಾರೆ. ಒಬ್ಬರು ಹೇಳಿಕೊಟ್ಟರೆ ಉಳಿದವರು “ಸುಂಕವನು ತೆರಬೇಕು” ಅಂತ ಒಟ್ಟಿಗೆ ಎತ್ತಿಕೊಳ್ಳಬಹುದು. ಇನ್ನು ಹೆಜ್ಜೆಗೆ ಒಂದು ಮಾತ್ರೆಯಂತೆ ನಡೆದು ನೋಡಿ. ನಾಲ್ಕರ ಗಣವಾದರೆ ಒತ್ತು ಯಾವಾಗಲೂ ಒಂದೇ ಕಾಲಿಗೆ ಬೀಳುತ್ತಿತ್ತು. ಐದು, ಮೂರು ಎರಡೂ ಬೆಸ ಸಂಖ್ಯೆ, ಹಾಗಾಗಿ ಒತ್ತು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ. ಬೊಬ್ಬೆ ಎದ್ದ ಕಾಲಿಗೆ ಗಣ ಬಿಟ್ಟು ಗಣ ರಜೆ!

ಕೊನೆಗೆ ಬುತ್ತಿ. ಇದರಲ್ಲಿ ತಮಾಷೆ ಅಂದುಕೊಂಡದ್ದು ಜಗಳಕ್ಕೆ ಹೋಯಿತು, ಒಳ್ಳೆಯ ಜಗಳ. ನಮ್ಮ ಗುಂಪಿನಲ್ಲಿ ಯಾರ ಡಬ್ಬಿಯೂ ಅವರದಲ್ಲ. ಎಲ್ಲ ಬಿಚ್ಚಿ ನಡುವೆ ಇಟ್ಟು ಸುತ್ತ ಕೂರುವುದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು, ಕೆಂಪಿಂಡಿ, ಮೊಸರನ್ನ. ಮಾಸ್ತರು ಬರೆದರು:

ರೊಟ್ಟಿ ಹಾವೇರಿಯದು, ಬ್ಯಾಡಗಿಯ ಕೆಂಪಿಂಡಿ;
ಕಟ್ಟಿ ತಂದವರು ಯಾರೆಂದು ಕೇಳದಿರು,
ಹೊಟ್ಟೆಯದು ಒಂದೆ, ಚಾರಣಿಗ.

ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲೂಕಿನಲ್ಲೇ. ಯಾರ ಮನೆಯ ಬುತ್ತಿ ಅಂತ ಕೇಳದೇ ತಿನ್ನುವುದು ನಮ್ಮ ಕಡೆ ಸಣ್ಣ ಮಾತಲ್ಲ ಅಂತ ನಿಮಗೂ ಗೊತ್ತು. ಮಾಸ್ತರ ಮನಸ್ಸಿನಲ್ಲಿ ಇದ್ದದ್ದು ಅದು. ಎಲ್ಲರೂ ಭೇಷ್ ಅಂದರು. ಗುಂಪಿನ ಅಕ್ಕಾವ್ರೊಬ್ಬರು ಮಾತ್ರ ಸುಮ್ಮನಿದ್ದು, ಆಮೇಲೆ ಕೇಳಿದರು: “ಯಾರು ಕಟ್ಟಿದ್ರು ಅಂತ ಕೇಳಬ್ಯಾಡ ಅಂದ್ರ ಹೆಂಗ್ರೀ ಮಾಸ್ತರ? ನಡುರಾತ್ರಿ ಎದ್ದು ರೊಟ್ಟಿ ಬಡಿದಾಕಿ ಯಾರು? ನೀವೇನು?”

ಮಾಸ್ತರ ಹತ್ತಿರ ಉತ್ತರ ಇರಲಿಲ್ಲ. ಜಾತಿ ಕೇಳಬೇಡ ಅನ್ನಲು ಹೋದ ಸಾಲು, ದುಡಿದವಳನ್ನೂ ಕೇಳಬೇಡ ಅಂದುಬಿಟ್ಟಿತ್ತು. ಅಕ್ಕಾವ್ರು ಅಲ್ಲೇ ಬೆರಳು ಮಡಿಸಿ ಎಣಿಸಿ, ಮೊದಲ ಸಾಲನ್ನು ಹಾಗೇ ಇಟ್ಟು, ಉಳಿದೆರಡನ್ನು ಬದಲಿಸಿದರು:

ರೊಟ್ಟಿ ಹಾವೇರಿಯದು, ಬ್ಯಾಡಗಿಯ ಕೆಂಪಿಂಡಿ;
ಕಟ್ಟಿ ಕೊಟ್ಟವಳ ಹೆಸರೊಮ್ಮೆ ಬರೆದಿಟ್ಟು
ಮುಟ್ಟು ಡಬ್ಬಿಯನು, ಚಾರಣಿಗ.

ಎಣಿಸಿ ನೋಡಿ, ಎಲ್ಲೂ ತಪ್ಪಿಲ್ಲ. ಎರಡೂ ಪದ್ಯಗಳು ಈಗ ಎದುರುಬದುರು ಪುಟಗಳಲ್ಲಿವೆ. ಇಲ್ಲಿಯೂ ಅಚ್ಚಿನ ಗುಣ ಕೆಲಸ ಮಾಡಿತು ಅಂತ ನಾನು ಹೇಳುತ್ತೇನೆ. ಅಂತ್ಯಪ್ರಾಸದ ಹನ್ನೆರಡು ಸಾಲಿನ ಗೀಚಾಟಕ್ಕೆ ಯಾರೂ ಉತ್ತರ ಬರೆಯುವುದಿಲ್ಲ. ಮೂರು ಸಾಲಿನ ಬಿಗಿಯಾದ ಮಾತಿಗೆ ಮೂರು ಸಾಲಿನಲ್ಲೇ ಸವಾಲು ಹಾಕಬಹುದು. ಪ್ರಾಸವೂ ಸಿದ್ಧ, ಲೆಕ್ಕವೂ ಸಿದ್ಧ, ಬೇಕಾದದ್ದು ಭಿನ್ನಾಭಿಪ್ರಾಯ ಒಂದೇ.

ಅಕ್ಕಾವ್ರ ಮಾತಿನಿಂದ ಇನ್ನೊಂದು ಪದ್ಧತಿಯೂ ಶುರುವಾಯಿತು. ಪ್ರತಿ ತ್ರಿಪದಿಯ ಮೇಲೆ ಒಂದು ಸಾಲು ಗದ್ಯ ಇರಬೇಕು: ತಾರೀಖು, ದಾರಿ, ಎಷ್ಟು ಜನ, ಬುತ್ತಿ ಯಾರ ಮನೆಯದು, ಕಟ್ಟಿದ್ದು ಯಾರು. ಪದ್ಯ ಎಲ್ಲವನ್ನೂ ಹೊರಲಾರದು. ಮೂರು ಸಾಲಿಗೆ 51 ಮಾತ್ರೆ, ಅದರಲ್ಲಿ ಐದು ಅಂಕಿತಕ್ಕೇ ಹೋಯಿತು. ಹೆಸರು, ಹೊತ್ತು, ದಾರಿಯ ಗುರುತುಗಳು ಗದ್ಯಕ್ಕಿರಲಿ. ಪದ್ಯಕ್ಕೆ ಒಂದೇ ಒಂದು ಸಂಗತಿ ಸಾಕು, ಅದು ನಿಜವಾದದ್ದಾಗಿರಲಿ.

ಬರೆಯಲು ಹೊರಟವರಿಗೆ ಒಂದೆರಡು ಕಡೆ ಕಾಲು ಜಾರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಒಂದು ಅಂತ ಎಣಿಸಿ ಸಾಲು ಭಾರವಾಗುವುದು ಎಲ್ಲಕ್ಕಿಂತ ಸಾಮಾನ್ಯ. ಗಟ್ಟಿಯಾಗಿ ಓದಿ ಚಿಟಿಕೆ ಹಾಕಿದರೆ ಎಡವುವ ಜಾಗ ತಾನೇ ಸಿಗುತ್ತದೆ. ಇನ್ನೊಂದು, ಲೆಕ್ಕ ತುಂಬಿಸಲು ‘ತಾನು’, ‘ಬಲು’, ‘ನೋಡಾ’ ಅಂತ ಕಲ್ಲು ತುರುಕುವುದು. ಆ ಪದ ತೆಗೆದರೂ ಅರ್ಥ ಹಾಗೇ ಇದ್ದರೆ ಅದು ಬೂಟಿನೊಳಗಿನ ಹರಳು ಅಂತ ತಿಳಿಯಿರಿ. ಇಂಗ್ಲಿಷಿನಿಂದ ಬಂದ ಪದಗಳಿಗೆ ಹೆದರಬೇಡಿ. ‘ಟಿಫಿನ್’ ಮೂರು, ‘ಬೂಟು’ ಮೂರು, ‘ಸಾಕ್ಸು’ ಮೂರು, ‘ಬ್ಯಾಂಡೇಜು’ ಐದು. ಎಲ್ಲವಕ್ಕೂ ತ್ರಿಪದಿಯಲ್ಲಿ ಸೀಟು ಇದೆ.

ಮುಂದಿನ ಸಲದ ನಮ್ಮ ನಡಿಗೆ ಮಲೆನಾಡಿಗಲ್ಲ, ಊರ ಹತ್ತಿರದ ದೇವರಗುಡ್ಡಕ್ಕೆ. ಅಲ್ಲಿ ಮಂಜು ಸಿಗುವುದು ಕಷ್ಟ, ಧೂಳು ಬೇಕಾದಷ್ಟು. ‘ದೇವರಗುಡ್ಡ’ ಎಣಿಸಿದೆ: ದೇ ಎರಡು, ವ ಒಂದು, ರ ಒಂದು, ಗು ಎರಡು, ಡ್ಡ ಒಂದು... ಏಳು. ಐದಕ್ಕೂ ಸಾಲದು, ಎಂಟಕ್ಕೂ ಮುಟ್ಟದು. ‘ದೇವರಗುಡ್ಡದ’ ಅಂದರೆ ಎಂಟಾಗುತ್ತದೆ, ಆದರೆ ಐದಕ್ಕೆ ಮುರಿಯಲು ಹೋದರೆ ‘ಗು’ ನಡುವೆ ಸಿಕ್ಕಿಬೀಳುತ್ತದೆ. ಅದನ್ನು ಹೇಗೆ ಕೂರಿಸುವುದು ಅಂತ ರಾಣೆಬೆನ್ನೂರಿನ ಐವರಿಗೆ ವಹಿಸಿದ್ದೇವೆ. ಮೊಸರನ್ನ ತಿಂದವನೇ ಬರೆಯಲಿ.